ಕಿಟಕಿ ಪಕ್ಕದ ಕುರ್ಚಿಗೆ ಇನ್ನು ಮೊಬೈಲಿನಲ್ಲೇ ಬುಕಿಂಗ್

ಪ್ರೀತಿಯ ಗ್ರಾಹಕರೇ,

ಮುಂದಿನ ಬುಧವಾರದಿಂದ ನಮ್ಮ ಕಾರವಾರದ ಸಲೂನಿನಲ್ಲಿ ಕಿಟಕಿ ಪಕ್ಕದ ಕುರ್ಚಿಯನ್ನು ಮೊಬೈಲಿನಲ್ಲೇ ಬುಕ್ ಮಾಡಬಹುದು. ಬಾಗಿಲ ಕಡೆಯ ಕುರ್ಚಿ ಮೊದಲಿನ ಹಾಗೇ, ಬಂದವರ ಸರದಿಗೆ.

ಕಳೆದ ತಿಂಗಳು ಬುಕಿಂಗಿಗೆಂದು ಒಂದು ಫಾರ್ಮ್ ಕಳಿಸಿದ್ದೆವು, ನೆನಪಿದೆ ಅಲ್ವಾ? ಅಲ್ಲಿ ಎಡವಿದ್ದು ನಾವೇ. ಫಾರ್ಮ್ ನೀವು ತುಂಬಿದ್ದನ್ನು ಇಟ್ಟುಕೊಳ್ಳುತ್ತದೆ, ಅಷ್ಟೇ. ಒಬ್ಬರು ಆರಿಸಿದ ಸಮಯವನ್ನು ಇನ್ನೊಬ್ಬರಿಗೆ ಮುಚ್ಚುವುದಿಲ್ಲ. ಒಂದು ಭಾನುವಾರ 9 ಗಂಟೆಗೆ ಇಬ್ಬರು ಒಟ್ಟಿಗೇ ಬಂದರು. ಅವರಲ್ಲೊಬ್ಬರು ಕೈಗಾದಿಂದ ಬೆಳಗಿನ ಬಸ್ ಹಿಡಿದು ಬಂದವರು. ಅವರನ್ನು ಸುಮ್ನೆ ಮುಕ್ಕಾಲು ಗಂಟೆ ಕೂರಿಸಬೇಕಾಯಿತು.

ಈಗ ಗೂಗಲ್ ಕ್ಯಾಲೆಂಡರಿನ ಬುಕಿಂಗ್ ಪುಟಕ್ಕೆ ಬಂದಿದ್ದೇವೆ. ಇಲ್ಲಿ ಒಬ್ಬರು ಸಮಯ ಹಿಡಿದ ಕೂಡಲೇ ಅದು ಉಳಿದವರಿಗೆ ಕಾಣುವುದಿಲ್ಲ. ಮಹಡಿ ಮೇಲಿನ ಟ್ಯೂಷನ್ ಮೇಡಂ "ಇಂಥ ಪುಟ ಮಾಡಲು ಕೋಡಿಂಗ್ ಬರಬೇಕಾ?" ಎಂದು ಕೇಳಿದ್ದರು. ಬೇಡ. ಕಂಪ್ಯೂಟರಿನಲ್ಲಿ ಕ್ಯಾಲೆಂಡರ್ ತೆರೆದು `Create` ಒತ್ತಿ, `Appointment schedule` ಆರಿಸಿ, ದಿನ ಮತ್ತು ಹೊತ್ತು ತುಂಬಿದರೆ ಲಿಂಕ್ ಸಿಗುತ್ತದೆ. ನಾವು ಬೆಳಿಗ್ಗೆ 9ರಿಂದ, ಒಬ್ಬೊಬ್ಬರಿಗೆ 45 ನಿಮಿಷ ಇಟ್ಟಿದ್ದೇವೆ. ಕಟಿಂಗಿಗೆ ಅರ್ಧ ಗಂಟೆ ಸಾಕು. ಉಳಿದದ್ದು ಕೂದಲು ಗುಡಿಸಿ, ಕತ್ತರಿ ಬಾಚಣಿಗೆ ತೊಳೆಯಲು. ಹಾಗಾಗಿ 9, 9.45, 10.30 ಎಂದು ಕಾಣುತ್ತದೆ.

ಉಚಿತ ಖಾತೆಯಲ್ಲಿ ಇಂಥ ಪುಟ ಒಂದೇ, ಅದಕ್ಕೆ ಅವಧಿಯೂ ಒಂದೇ. ಅದಕ್ಕೇ ಆನ್‌ಲೈನಿನಲ್ಲಿ ಕಟಿಂಗ್ ಮಾತ್ರ. ಬಣ್ಣ ಹಚ್ಚುವುದು, ಫೇಶಿಯಲ್ ಇದ್ದರೆ ಫೋನ್ ಮಾಡಿ. ದುಡ್ಡು ಕೊಟ್ಟು ದೊಡ್ಡ ಖಾತೆ ತೆಗೆದುಕೊಳ್ಳುವಷ್ಟು ವ್ಯಾಪಾರ ಸದ್ಯಕ್ಕೆ ನಮ್ಮದಲ್ಲ.

ಪುಟ ನಿಮ್ಮ ಹೆಸರು, ಇಮೇಲ್ ಕೇಳುತ್ತದೆ. ಇಮೇಲಿಗೆ ಖಚಿತ ಮಾಡಿದ ಪತ್ರ ಬರುತ್ತದೆ. ಬರಲಾಗದಿದ್ದರೆ ಅದರಲ್ಲಿರುವ ಲಿಂಕ್ ಒತ್ತಿ ರದ್ದು ಮಾಡಿ, ಆ ಹೊತ್ತು ಇನ್ನೊಬ್ಬರಿಗೆ ಸಿಗುತ್ತದೆ. ಇಮೇಲ್ ಇಲ್ಲದವರು ಫೋನ್ ಮಾಡಿದರೆ ನಾವೇ ಕ್ಯಾಲೆಂಡರಿನಲ್ಲಿ ಬರೆದುಕೊಳ್ಳುತ್ತೇವೆ, ಆಗಲೂ ಆ ಹೊತ್ತು ಮುಚ್ಚುತ್ತದೆ.

ಪರೀಕ್ಷೆ ಮಾಡುವಾಗ ಒಂದು ಪೇಚಾಟವಾಯಿತು. ಮಂಗಳವಾರ ರಜೆ ಎಂದು ಇಡೀ ದಿನಕ್ಕೆ ಗುರುತು ಹಾಕಿದ್ದೆವು, ಆದರೂ ನಮ್ಮ ಹುಡುಗ ಅದೇ ದಿನಕ್ಕೆ ಬುಕ್ ಮಾಡಿ ತೋರಿಸಿದ! ಇಡೀ ದಿನದ ಗುರುತು ತಾನಾಗಿ `Free` ಎಂದೇ ಇರುತ್ತದಂತೆ. `Busy` ಎಂದು ಬದಲಿಸಿದ ಮೇಲೆ ಮಂಗಳವಾರ ಮಾಯವಾಯಿತು. ಮೇಡಂ, ನೀವೂ ಇದನ್ನು ನೋಡಿಕೊಳ್ಳಿ.

ದುಬೈನಲ್ಲಿದ್ದು ಇಲ್ಲಿರುವ ಅಪ್ಪನಿಗೆ ಬುಕ್ ಮಾಡುವವರಿಗೂ ಒಂದು ಮಾತು. ಪುಟ ನೀವಿರುವ ಕಡೆಯ ಹೊತ್ತು ತೋರಿಸುತ್ತದೆ. ಅಲ್ಲಿ 7.30 ಎಂದು ಕಂಡರೆ ಇಲ್ಲಿ 9 ಗಂಟೆ. ಅಪ್ಪನಿಗೆ 9 ಎಂದೇ ಹೇಳಿ.

ಲಿಂಕ್ ವಾಟ್ಸಾಪಿನಲ್ಲಿ ಕಳಿಸುತ್ತೇವೆ. ಕ್ಯೂಆರ್ ಕೋಡ್ ಕನ್ನಡಿಯ ಪಕ್ಕ ಅಂಟಿಸಿದೆ.

ನಿಮ್ಮ ಸಲೂನಿನವರು