ಹೊಸ ಫೋನ್: ಒಂದು ತಿಂಗಳ ನಂತರ

ಎಲ್ಲರಿಗೂ ನಮಸ್ಕಾರ. ನಾನು ತಗೊಂಡ 15 ಸಾವಿರದ ಫೋನ್ ಹೇಗಿದೆ ಅಂತ ಕೆಲವರು ಕೇಳಿದ್ದಿರಿ.

ಬ್ಯಾಟರಿ 5000 ಎಂಎಎಚ್. ಮನೆಯ ವೈಫೈನಲ್ಲಿ ರಾತ್ರಿವರೆಗೂ ಆರಾಮಾಗಿ ಬರುತ್ತದೆ. ತೋಟಕ್ಕೆ ಹೋದ ದಿನ ಮಾತ್ರ ಸಂಜೆಗೇ ಖಾಲಿ. ಅಲ್ಲಿ 5ಜಿ ಒಂದು ಕಡ್ಡಿ ಬರುತ್ತದೆ, ಹೋಗುತ್ತದೆ. ಸಿಗ್ನಲ್ ಕಮ್ಮಿ ಇದ್ದಷ್ಟೂ ಫೋನ್ ಟವರ್ ಹಿಡಿಯಲು ಜಾಸ್ತಿ ಕರೆಂಟ್ ತಿನ್ನುತ್ತದೆ, ಬಿಸಿಯೂ ಆಗುತ್ತದೆ. ಸಿಮ್ ಸೆಟ್ಟಿಂಗ್ಸ್‌ನಲ್ಲಿ 4ಜಿಗೆ ಹಾಕಿದ ಮೇಲೆ ಮನೆಗೆ ಬಂದಾಗಲೂ ಕಾಲು ಭಾಗ ಉಳಿಯುತ್ತಿದೆ.

ಕೋಲಾರದ ಟೊಮೆಟೊ ಮಂಡಿಯಲ್ಲಿ ಮಧ್ಯಾಹ್ನ ಹರಾಜಿನ ವಿಡಿಯೊ ಮಾಡುವಾಗ ಸ್ಕ್ರೀನ್ ತಾನಾಗೇ ಮಂಕಾಯಿತು. ಅದು ಕೆಟ್ಟಿದ್ದಲ್ಲ. ಬಿಸಿ ಏರಿದರೆ ಫೋನ್ ತಾನೇ ಬೆಳಕು, ವೇಗ ಎರಡನ್ನೂ ಇಳಿಸುತ್ತದೆ, ಚಾರ್ಜ್ ಕೂಡ ನಿಧಾನವಾಗುತ್ತದೆ. ಕವರ್ ತೆಗೆದು ನೆರಳಲ್ಲಿಟ್ಟರೆ ಸಾಕು. ದಯವಿಟ್ಟು ಫ್ರಿಜ್‌ಗೆ ಇಡಬೇಡಿ, ಒಳಗೆ ತೇವ ಕಟ್ಟುತ್ತದೆ. ಸುಮ್ನೆ ನೆರಳಲ್ಲಿದ್ದರೂ ಬಿಸಿಯಾದರೆ ಅದು ಬೇರೆ ಮಾತು, ಸರ್ವಿಸ್‌ನಲ್ಲಿ ತೋರಿಸಿ.

ಕ್ಯಾಮೆರಾ ಹಗಲಲ್ಲಿ ಚೆನ್ನ. ಎಲೆಯ ಚುಕ್ಕಿ ರೋಗದ ಫೋಟೊ ಸ್ಪಷ್ಟವಾಗಿ ಬರುತ್ತದೆ. ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಫೋಟೊ ಕುಗ್ಗಿ ಚುಕ್ಕಿ ಮಸುಕಾಗುತ್ತದೆ. ರಾತ್ರಿ ಫೋಟೊ ಅಷ್ಟಕ್ಕಷ್ಟೇ. '50 ಮೆಗಾಪಿಕ್ಸೆಲ್' ನೋಡಿ ಮರುಳಾಗಬೇಡಿ.

ತಗೊಳ್ಳುವವರು ಅಂಗಡಿಯಲ್ಲೇ ಸೆಟ್ಟಿಂಗ್ಸ್‌ಗೆ ಹೋಗಿ ಸೆಕ್ಯೂರಿಟಿ ಅಪ್‌ಡೇಟ್ ತಾರೀಕು ನೋಡಿ. ಅಪ್‌ಡೇಟ್ ಎಷ್ಟು ವರ್ಷ ಅನ್ನುವುದು ಮಾಡೆಲ್ ಬಿಡುಗಡೆಯಿಂದ ಲೆಕ್ಕ, ನೀವು ಕೊಂಡ ದಿನದಿಂದ ಅಲ್ಲ. ಹಳೇ ಮಾಡೆಲ್ ಸಾವಿರ ರೂಪಾಯಿ ಕಮ್ಮಿಗೆ ಸಿಕ್ಕರೂ ನಾನಂತೂ ತಗೊಳ್ಳಲ್ಲ. ಇದಕ್ಕೆ ಕೊಟ್ಟ ದುಡ್ಡಿಗೆ ಬೇಜಾರಿಲ್ಲ.