ಆ ಒಂದು ಸಾಲಿನ ಬಗ್ಗೆ

ಪುಟ್ಟಿ,

ನಿನ್ನ ಹೊಸ ಕೆಲಸ, ರೂಮು, ಎಲ್ಲ ಓದಿದೆ. ಅದಕ್ಕೆ ಇನ್ನೊಮ್ಮೆ ಬರೆಯುತ್ತೇನೆ. ಕೊನೆಯಲ್ಲಿ ಸುಮ್ನೆ ಸೇರಿಸಿದ ಹಾಗೆ ಬರೆದಿದ್ದೀಯಲ್ಲ, ಮುಟ್ಟಿನ ಎರಡನೇ ರಾತ್ರಿ ಗಂಟೆಗೊಂದು ಪ್ಯಾಡ್ ಬೇಕಾಯಿತು, ಬೆಳಗಿನ ಜಾವ ಕಡಿಮೆಯಾಯಿತು, ಯಾರನ್ನೂ ಎಬ್ಬಿಸಲಿಲ್ಲ ಅಂತ. ಅಲ್ಲಿಗೇ ನನ್ನ ಮನಸ್ಸು ನಿಂತುಬಿಟ್ಟಿದೆ.

ಮೊದಲು ಒಂದು ಕೇಳುತ್ತೇನೆ. ಪ್ಯಾಡ್ ತುದಿಯಿಂದ ತುದಿಗೆ ನೆಂದು ಬಟ್ಟೆಗೆ ಹತ್ತುವ ಹಾಗಿತ್ತಾ, ಅಥವಾ ಒದ್ದೆ ಅನ್ನಿಸಿ ಬದಲಾಯಿಸಿದೆಯಾ? ಕಸಿವಿಸಿಗೆ ಬದಲಾಯಿಸಿದ್ದು ಲೆಕ್ಕಕ್ಕಿಲ್ಲ. ಪೂರ್ತಿ ನೆಂದದ್ದೇ ಲೆಕ್ಕ. ರಾತ್ರಿಯ ಉದ್ದ ಪ್ಯಾಡೇ ಗಂಟೆಯಲ್ಲಿ ತುಂಬಿದರೆ ಅದು ಇನ್ನೂ ಜಾಸ್ತಿ, ಯಾಕೆಂದರೆ ಅದು ಹೆಚ್ಚು ಹೀರುತ್ತದೆ.

ನೀನು ಹತ್ತು, ಹನ್ನೊಂದು, ಹನ್ನೆರಡು ಗಂಟೆಗೆ ಬದಲಾಯಿಸಿದೆ ಅಂತ ಬರೆದಿದ್ದೀಯ. ಮೂರೂ ಪೂರ್ತಿ ನೆಂದಿದ್ದರೆ ಹನ್ನೆರಡಕ್ಕೆ ನೀನು ಆಸ್ಪತ್ರೆಗೆ ಹೊರಟಿರಬೇಕಿತ್ತು. ಬೈಯುತ್ತಿಲ್ಲ ಕಣೇ. ಒಂದು ಗಂಟೆ ಜೋರಾಗಿ ಹೋಗಿ ಇಳಿದರೆ ಹಾಗೆ ಆಗುವುದುಂಟು. ಅದೇ ಬಿರುಸು ಸತತ ಎರಡು ಗಂಟೆ ಬಿಡದಿದ್ದರೆ ಮೂರನೆಯದಕ್ಕೆ ಕಾಯುವುದಲ್ಲ. ನಿಂಬೆಹಣ್ಣಿನಷ್ಟು ದೊಡ್ಡ ರಕ್ತದ ಗೆಡ್ಡೆಗಳು ಜೊತೆಗೆ ಬೀಳುತ್ತಿದ್ದರೂ ಹಾಗೇ.

ಆದರೆ ನನ್ನನ್ನು ನಿದ್ದೆ ಮಾಡಲು ಬಿಡದಿದ್ದು ಆ ಎಣಿಕೆ ಅಲ್ಲ. "ಎದ್ದಾಗ ಸ್ವಲ್ಪ ತಲೆ ತಿರುಗಿತು" ಅಂದಿದ್ದೀಯ. ಅಲ್ಲಿ ಗಂಟೆ ನೋಡುವ ಕೆಲಸ ಮುಗಿಯಿತು. ನಿಂತರೆ ಕಣ್ಣು ಕತ್ತಲೆ, ಎದೆ ಡವಡವ, ತಣ್ಣನೆ ಬೆವರು, ಉಸಿರು ಸಾಲದು ಅನ್ನಿಸುವುದು, ಇವು ಬಂದರೆ ಒಂದೇ ಪ್ಯಾಡ್ ಆಗಿದ್ದರೂ ಹೊರಡಬೇಕು.

ಅಜ್ಜಿ ಬಾತ್‌ರೂಮಿನಲ್ಲಿ ಬಿದ್ದ ಕಥೆ ನಿನಗೆ ಗೊತ್ತು. ಬೀಳುವ ಮುಂಚಿನ ಸಂಜೆ ಹೇಗಿತ್ತು ಅನ್ನುವುದನ್ನು ಮನೆಯಲ್ಲಿ ಯಾರೂ ಹೇಳುವುದಿಲ್ಲ. ಅವರಿಗೆ ಮುಟ್ಟು ನಿಲ್ಲುವ ವಯಸ್ಸು, ಕೆಲವು ತಿಂಗಳು ಆಗಿರಲಿಲ್ಲ, ಆಮೇಲೆ ಒಮ್ಮೆಲೇ ಸುರಿಯಿತು. ಈ ವಯಸ್ಸಲ್ಲಿ ಹೀಗೇ ಅಂದರು ಎಲ್ಲರೂ. ಪಕ್ಕದವರು ಮಷಿನ್ ತಂದು ಬಿ.ಪಿ. ನೋಡಿದರು, ಸರಿಯಾಗಿತ್ತು. ಎಲ್ಲರಿಗೂ ಸಮಾಧಾನ. ಕೈ ಹಿಡಿದುಕೊಂಡು ಕೂತಿದ್ದ ನನಗೆ ನಾಡಿ ಓಡುತ್ತಿರುವುದು ಗೊತ್ತಾಗುತ್ತಿತ್ತು, ಪದೇ ಪದೇ ನೀರು ಕೇಳುತ್ತಿದ್ದರು. ಅದನ್ನು ಹೇಳಬೇಕಾದ ಸಂಗತಿ ಅಂತ ಆ ವಯಸ್ಸಿನಲ್ಲಿ ನನಗೆ ಹೊಳೆಯಲಿಲ್ಲ. ಎಷ್ಟೋ ವರ್ಷ ಆದಮೇಲೆ ಒಬ್ಬ ಡಾಕ್ಟರ್ ವಿವರಿಸಿದರು: ರಕ್ತ ಕಡಿಮೆಯಾದಾಗ ಹೃದಯ ಬೇಗ ಬಡಿದು, ರಕ್ತನಾಳಗಳು ಬಿಗಿದು ಬಿ.ಪಿ.ಯನ್ನು ಎತ್ತಿ ಹಿಡಿಯುತ್ತವೆ. ಅದು ಬೀಳುವ ಹೊತ್ತಿಗೆ ಸಾಕಷ್ಟು ರಕ್ತ ಹೋಗಿರುತ್ತದೆ. ನಿನ್ನಂಥ ಗಟ್ಟಿ ವಯಸ್ಸಿನವರಲ್ಲಿ ಇನ್ನೂ ತಡವಾಗಿ ಬೀಳುತ್ತದೆ. ಹಿಮೋಗ್ಲೋಬಿನ್ ಕೂಡ ಹಾಗೇ, ರಕ್ತ ಹೋದ ಕೂಡಲೇ ಮಾಡಿಸಿದರೆ ಮೋಸ ಮಾಡಬಹುದು. ಅದಕ್ಕೇ "ಆರಾಮಾಗೇ ಇದ್ದೆ" ಅಂತ ನೀನು ಬರೆದಿದ್ದನ್ನು ನಾನು ನಂಬಲಾರೆ.

ಇನ್ನೊಂದು, ಕೇಳಲು ಸಂಕೋಚ, ಆದರೂ ಕೇಳುತ್ತೇನೆ. ಮುಟ್ಟು ತಡವಾಗಿ ಬಂದಿತ್ತಾ? ಗರ್ಭ ನಿಂತಿರುವ ಸಾಧ್ಯತೆ ಸ್ವಲ್ಪವಿದ್ದರೂ ಎರಡು ಗಂಟೆಯ ಲೆಕ್ಕ ಹಿಡಿದು ಕೂರಬೇಡ. ಗರ್ಭಕೋಶದ ಬದಲು ಅಂಡನಾಳದಲ್ಲಿ ಗರ್ಭ ಕೂತಿದ್ದರೆ ಹೊರಗೆ ಕಾಣುವ ರಕ್ತ ಸ್ವಲ್ಪವೇ ಇರಬಹುದು, ಒಳಗೆ ಸುರಿಯುತ್ತಿರಬಹುದು. ಹೊಟ್ಟೆಯ ಒಂದು ಪಕ್ಕ ನೋವು, ಭುಜದ ತುದಿಯಲ್ಲಿ ನೋವು ಬರಬಹುದು. ಹೆರಿಗೆಯಾದವರಿಗೂ ಅಷ್ಟೇ, ಒಂದು ಗಂಟೆಯಲ್ಲಿ ಒಂದು ಪ್ಯಾಡ್ ತುಂಬಿದರೆ ಆಗಲೇ ಹೊರಡಬೇಕು. ಇದನ್ನು ನಿನ್ನ ಗೆಳತಿಗೂ ಹೇಳು.

ನಾನೇನು ಡಾಕ್ಟರ್ ಅಲ್ಲ, ಜಾಸ್ತಿ ಹೇಳುತ್ತಿದ್ದೇನೇನೋ. ಮತ್ತೆ ಹೀಗಾದರೆ ಪ್ಯಾಡ್ ಇಟ್ಟ ಹೊತ್ತು, ತೆಗೆದ ಹೊತ್ತು ಫೋನಿನಲ್ಲಿ ಬರೆದುಕೊ, ಆಸ್ಪತ್ರೆಯಲ್ಲಿ ಅದನ್ನು ಕೇಳುತ್ತಾರೆ. ನೋವಿಗೆ ಅಂತ ಆಸ್ಪಿರಿನ್ ತಗೋಬೇಡ, ರಕ್ತಸ್ರಾವ ಹೆಚ್ಚಬಹುದು. ತಲೆ ತಿರುಗುತ್ತಿದ್ದರೆ ಮಲಗಿಕೊಂಡೇ ಯಾರನ್ನಾದರೂ ಕೂಗು, ಬಾತ್‌ರೂಮಿಗೆ ಒಬ್ಬಳೇ ಹೋಗಿ ಚಿಲಕ ಹಾಕಬೇಡ, ಗಾಡಿಯನ್ನಂತೂ ನೀನು ಓಡಿಸಬೇಡ, ಆಂಬುಲೆನ್ಸ್ ಕರೆಸು. ಆಸ್ಪತ್ರೆಯಲ್ಲಿ ಗರ್ಭದ ಪರೀಕ್ಷೆ, ರಕ್ತದ ಪರೀಕ್ಷೆ ಮಾಡುತ್ತಾರೆ, ಡ್ರಿಪ್ ಹಾಕಬಹುದು. ಸ್ರಾವ ತಗ್ಗಿಸಲು ಟ್ರಾನೆಕ್ಸಾಮಿಕ್ ಆಸಿಡ್ ಅನ್ನುವ ಔಷಧಿಯೋ ಹಾರ್ಮೋನೋ ಕೊಡಬಹುದು. ಹಿಂದೆ ಎಂದಾದರೂ ಕಾಲಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಅವನ್ನು ಕೊಡುವ ಮೊದಲೇ ಹೇಳಬೇಕು.

ಈಗ ನಿಂತಿದೆ ಅಂತ ಬಿಡಬೇಡ. ಈ ವಾರವೇ ಹೆಂಗಸರ ಡಾಕ್ಟರ್ ಹತ್ತಿರ ಹೋಗಿ ಹಿಮೋಗ್ಲೋಬಿನ್, ಮೈಯಲ್ಲಿ ಕಬ್ಬಿಣಾಂಶ ಎಷ್ಟು ಉಳಿದಿದೆ ಅಂತ ತೋರಿಸುವ ಫೆರಿಟಿನ್, ಎರಡೂ ಮಾಡಿಸು. ಮೊದಲ ಮುಟ್ಟಿನಿಂದಲೂ ನಿನಗೆ ಜಾಸ್ತಿ, ಹಲ್ಲು ಕೀಳಿಸಿದಾಗಲೂ ರಕ್ತ ಬೇಗ ನಿಂತಿರಲಿಲ್ಲ ಅಲ್ವಾ, ಅದನ್ನೂ ಹೇಳು, ರಕ್ತ ಸರಿಯಾಗಿ ಹೆಪ್ಪುಗಟ್ಟದ ತೊಂದರೆ ಇದೆಯಾ ಅಂತ ನೋಡುತ್ತಾರೆ. ಇವತ್ತೇನಾದರೂ ಮತ್ತೆ ತಲೆ ತಿರುಗಿದರೆ ವಾರದ ಮಾತಿಲ್ಲ, ಈಗಲೇ ಹೊರಡು. ಹೊರಟ ಮೇಲೆ ನನಗೆ ಫೋನ್ ಮಾಡು, ರಾತ್ರಿ ಎಷ್ಟು ಹೊತ್ತಾದರೂ ಸರಿ.

ನಿನ್ನ ಚಿಕ್ಕಮ್ಮ