ಮದುವೆ ಮನೆಯವರಿಗೆ ಅಡುಗೆಯವರ ವಂದನೆ

ಮಾನ್ಯರೇ,

ಮದುವೆಯ ಅಡುಗೆಯನ್ನು ನಮಗೆ ಒಪ್ಪಿಸಿದ್ದಕ್ಕೆ ನಿಮ್ಮ ಕುಟುಂಬಕ್ಕೆ ಕೃತಜ್ಞತೆಗಳು. ಅದರಲ್ಲೂ ಕನ್ನಡಕ ಹಾಕಿದ್ದ ಆ ಹಿರಿಯರಿಗೆ. ಗಡಿಬಿಡಿಯಲ್ಲಿ ಅವರ ಹೆಸರು ಕೇಳುವುದಕ್ಕೂ ಆಗಲಿಲ್ಲ. ನೀವು ಹೇಳಿದ್ದು 500 ಊಟ. ಎರಡನೆಯ ಪಂಕ್ತಿ ಏಳುವ ಮುನ್ನವೇ ಅವರು ಹೊರಗೆ ಕಾದಿದ್ದವರನ್ನು ಎಣಿಸಿ ಬಂದು, ಇನ್ನುಳಿದವರು 80 ಜನ ಮಾತ್ರ ಎಂದರು. ಕೊನೆಯ ಹಂಡೆಗೆ ಅಕ್ಕಿ ಹಾಕುವುದನ್ನು ಅಲ್ಲಿಗೇ ನಿಲ್ಲಿಸಿದೆವು. ತೊಳೆಯದ ಅಕ್ಕಿ ಮೂಟೆಗೆ ಮರಳುತ್ತದೆ, ಬೆಂದ ಅನ್ನ ಮರಳುವುದಿಲ್ಲ. ಇಷ್ಟು ಸಣ್ಣ ಎಣಿಕೆಯನ್ನು ಮಾಡುವವರು ಮದುವೆ ಮನೆಗಳಲ್ಲಿ ಅಪರೂಪ.

ಹಬ್ಬಕ್ಕೆ ನೆಂಟರಿಗೋ ಕಚೇರಿಗೋ ಹಂಚಲು ಸಿಹಿ, ಖಾರದ ತಿಂಡಿ ಬೇಕಿದ್ದರೆ ನಮಗೆ ತಿಳಿಸಿ. ಹತ್ತು ದಿನ ಮೊದಲು ಅಂದಾಜು, ಮೂರು ದಿನ ಮೊದಲು ಖಚಿತ ಸಂಖ್ಯೆ ಸಿಕ್ಕರೆ ಸಾಕು. ಕರಿದ ತಿಂಡಿಯನ್ನು ಮುಂಚೆಯೇ ಮಾಡಿಡಬಹುದು. ಹಾಲಿನ ಸಿಹಿ ಮಾತ್ರ ಹಂಚುವ ದಿನವೇ ಆಗಬೇಕು. ಬಿಸಿಯಿರುವಾಗಲೇ ಡಬ್ಬಿಗೆ ತುಂಬಿ ಎಂದು ದಯವಿಟ್ಟು ಅವಸರಪಡಿಸಬೇಡಿ. ಹಬೆ ಮುಚ್ಚಳದಲ್ಲಿ ನೀರಾಗಿ ಇಳಿದರೆ ತಿಂಡಿ ಮೆತ್ತಗಾಗುತ್ತದೆ, ಬೇಗ ಬೂಷ್ಟು ಹಿಡಿಯುತ್ತದೆ. ಡಬ್ಬಿಗಳನ್ನು ಬೆಳಗ್ಗೆ ಒಯ್ಯುವಿರೋ ಸಂಜೆಯೋ ಎಂಬುದನ್ನೂ ಆರ್ಡರ್ ಕೊಡುವಾಗಲೇ ಹೇಳಿಬಿಡಿ.

ಇತಿ,
ನಿಮ್ಮ ಮದುವೆಯ ಅಡುಗೆ ತಂಡ